ಕೊಟೇಶನ್‌ನಲ್ಲಿ 620 ಚದರ ಅಡಿ, ನೆಲದ ಮೇಲೆ 648: ಫೈನಲ್ ಬಿಲ್ ಮಾಡುವುದು ಹೇಗೆ?

ಹಳೆಯ ಮನೆಗೆ ಹೊಸ ಟೈಲ್ಸ್ ಹಾಕಲು ಕೊಟೇಶನ್ ಕೊಡುವಾಗ ಮನೆಯಲ್ಲಿ ಜನ ಇರುತ್ತಾರೆ. ಮಂಚ, ಬೀರು, ಫ್ರಿಜ್ಜು ಎಲ್ಲ ಇದ್ದ ಜಾಗದಲ್ಲೇ ಇರುತ್ತವೆ. ಹಳೆಯ ನೆಲದ ಕೆಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಅಷ್ಟರಲ್ಲೇ ಟೇಪು ಹಿಡಿದು ಅಳೆದು, ಒಂದು ಲೆಕ್ಕ ಬರೆದು ಕೊಡಬೇಕು. ಮನೆಯವರು ಒಪ್ಪುತ್ತಾರೆ, ಅಡ್ವಾನ್ಸ್ ಕೊಡುತ್ತಾರೆ, ಕೆಲಸ ಶುರುವಾಗುತ್ತದೆ. ಕೆಲಸ ಮುಗಿದಾಗ ಕೊಟೇಶನ್‌ನ ಅಳತೆಯೂ ನೆಲದ ಮೇಲಿನ ಅಳತೆಯೂ ಒಂದೇ ಇರುವುದು ಅಪರೂಪ.

ಆಗ ಮಾಡುವ ಬಿಲ್ಲಿನಲ್ಲೇ ಜಗಳ ಹುಟ್ಟುತ್ತದೆ. "ಒಪ್ಪಿದ್ದು ಇಷ್ಟಕ್ಕೆ, ಈಗ ಇಷ್ಟು ಕೇಳ್ತಿದ್ದೀರಿ" ಅನ್ನುತ್ತಾರೆ ಮನೆಯವರು. "ಕೆಲಸ ಜಾಸ್ತಿ ಆಗಿದೆ ಸರ್" ಅನ್ನುತ್ತಾರೆ ಗುತ್ತಿಗೆದಾರರು. ಇಬ್ಬರ ಮಾತೂ ನಿಜ ಇರಬಹುದು. ಆದರೆ ಒಪ್ಪಿಕೊಂಡದ್ದು ಯಾವುದು ಅನ್ನುವುದು ಮೊದಲು ಸ್ಪಷ್ಟವಾಗಬೇಕು.

ಹಾಸನದ ಒಂದು ಮನೆ ಅಂದುಕೊಂಡು ಲೆಕ್ಕ ಹಾಕೋಣ. ಸಾಮಾನು, ಕೂಲಿ ಎರಡೂ ಗುತ್ತಿಗೆದಾರರದ್ದೇ. ಅವರಿಗೆ ಜಿಎಸ್‌ಟಿ ನೋಂದಣಿ ಇದೆ, ತೆರಿಗೆ 18%. ಮನೆಯವರು ಒಪ್ಪಿದ ಕೊಟೇಶನ್‌ನಲ್ಲಿ ಐದು ಸಾಲುಗಳಿವೆ. ಹಾಲ್, ರೂಮು, ಬಾತ್‌ರೂಮುಗಳ ನೆಲಕ್ಕೆ ಟೈಲ್ಸ್ 620 ಚದರ ಅಡಿ, ಅಡಿಗೆ ₹140. ಗೋಡೆಯ ಬುಡದ ಸ್ಕರ್ಟಿಂಗ್ 160 ರನ್ನಿಂಗ್ ಅಡಿ, ಅಡಿಗೆ ₹45. ಎರಡು ಬಾತ್‌ರೂಮುಗಳ ಗೋಡೆಗೆ 7 ಅಡಿ ಎತ್ತರಕ್ಕೆ ಟೈಲ್ಸ್ 329 ಚದರ ಅಡಿ, ಅಡಿಗೆ ₹130. ಹಳೆಯ ಟೈಲ್ಸ್ ಒಡೆದು ಡೆಬ್ರಿ ಸಾಗಿಸಲು ಲಂಪ್‌ಸಮ್ ₹18,000. ಅಡುಗೆಮನೆ ಕಟ್ಟೆಯ ಹಿಂದಿನ ಗೋಡೆಗೆ 40 ಚದರ ಅಡಿ, ಅಡಿಗೆ ₹130. ಒಟ್ಟು ₹1,59,970. ತೆರಿಗೆ ಸೇರಿ ₹1,88,765. ಮನೆಯವರು ₹59,000 ಅಡ್ವಾನ್ಸ್ ಕೊಟ್ಟಿದ್ದಾರೆ.

ಈ ಐದು ಸಾಲುಗಳಲ್ಲಿ ಎರಡು ಬಗೆ ಇವೆ. ನಾಲ್ಕು ಸಾಲುಗಳಲ್ಲಿ ರೇಟು ಇದೆ, ಪಕ್ಕದಲ್ಲಿ ಅಳತೆ ಇದೆ. ಒಂದರಲ್ಲಿ ಅಳತೆಯೇ ಇಲ್ಲ, ಬರೀ ಮೊತ್ತ ಇದೆ. ಮೊದಲ ಬಗೆಯಲ್ಲಿ ಮನೆಯವರು ಒಪ್ಪಿದ್ದು ರೇಟನ್ನು. ಅಳತೆ ಅಂದಾಜು ಮಾತ್ರ, ಕೊನೆಗೆ ಎಷ್ಟು ಆಗಿದೆಯೋ ಅಷ್ಟಕ್ಕೆ ದುಡ್ಡು. ಎರಡನೆಯದರಲ್ಲಿ ಒಪ್ಪಿದ್ದು ಮೊತ್ತವನ್ನೇ. ಅಲ್ಲಿ ಕೆಲಸ ಹೆಚ್ಚಾದರೂ ಕಡಿಮೆಯಾದರೂ ಮೊತ್ತ ಅಲ್ಲಾಡುವುದಿಲ್ಲ. ಈ ಮನೆಯಲ್ಲಿ ಡೆಬ್ರಿ ಮೂರು ಲೋಡ್ ಆಗಬಹುದು ಅಂದುಕೊಂಡಿದ್ದರು, ಐದಾಯಿತು. ಆದರೂ ಬಿಲ್ಲಿನಲ್ಲಿ ₹18,000 ಮಾತ್ರ ಬರಬೇಕು. ಆ ಎರಡು ಲೋಡಿನ ಖರ್ಚು ಗುತ್ತಿಗೆದಾರರದ್ದು. ಎರಡೇ ಲೋಡಿನಲ್ಲಿ ಮುಗಿದಿದ್ದರೆ ಉಳಿದದ್ದೂ ಅವರದ್ದೇ ಆಗುತ್ತಿತ್ತು, ಅಲ್ವಾ?

ಕೊಟೇಶನ್‌ನ ಕೆಳಗೆ ಒಂದು ಸಾಲು ಬರೆದಿದ್ದರೆ ಈ ವಿಷಯ ಮೊದಲೇ ತೀರ್ಮಾನವಾಗಿರುತ್ತದೆ: "ಅಳತೆ ಅಂದಾಜಿನದು. ಕೆಲಸ ಮುಗಿದ ಮೇಲೆ ಇಬ್ಬರೂ ಸೇರಿ ಅಳೆದ ಅಳತೆಯಂತೆ ಬಿಲ್. ಲಂಪ್‌ಸಮ್ ಎಂದು ಬರೆದ ಕೆಲಸಕ್ಕೆ ಬದಲಾವಣೆ ಇಲ್ಲ." ಈ ಸಾಲು ಇಲ್ಲದೆ, ಕೊನೆಯಲ್ಲಿ ಒಟ್ಟು ಮೊತ್ತವನ್ನು ಮಾತ್ರ ದಪ್ಪ ಅಕ್ಷರದಲ್ಲಿ ಕೊಟ್ಟರೆ ಮನೆಯವರು ಅದನ್ನೇ ಅಂತಿಮ ಬೆಲೆ ಅಂದುಕೊಳ್ಳುವುದು ಸಹಜ. ಅದು ಅವರ ತಪ್ಪಲ್ಲ.

ಈಗ ಕೆಲಸದ ನಡುವೆ ಏನೇನಾಯಿತು ನೋಡೋಣ.

ಎರಡು ರೂಮುಗಳಲ್ಲಿದ್ದ ಹಳೆಯ ಮರದ ವಾರ್ಡ್‌ರೋಬ್‌ಗಳನ್ನು ತೆಗೆಸಲು ಮನೆಯವರು ತೀರ್ಮಾನಿಸಿದರು. ಒಂದೊಂದೂ 7 ಅಡಿ ಅಗಲ, 2 ಅಡಿ ಆಳ. ಅವುಗಳ ಕೆಳಗಿನ ನೆಲ ಅಂದಾಜಿನಲ್ಲಿ ಇರಲಿಲ್ಲ. ಹಾಗಾಗಿ 28 ಚದರ ಅಡಿ ಹೆಚ್ಚಾಯಿತು. ಸ್ಕರ್ಟಿಂಗ್‌ನಲ್ಲಿ ಉಲ್ಟಾ ಆಯಿತು. ಕೊಟೇಶನ್ ಮಾಡುವಾಗ ರೂಮಿನ ಸುತ್ತಳತೆ ಪೂರ್ತಿ ಹಿಡಿದಿದ್ದರು, ಬಾಗಿಲ ಜಾಗ ಕಳೆದಿರಲಿಲ್ಲ. ಮೂರು ಅಡಿಯಂತೆ ನಾಲ್ಕು ಬಾಗಿಲು, 12 ಅಡಿ ಕಡಿಮೆಯಾಯಿತು. ಬಾತ್‌ರೂಮಿನ ಗೋಡೆ ಅರ್ಧ ಆಗಿದ್ದಾಗ ಮನೆಯವರು "8 ಅಡಿವರೆಗೂ ಹತ್ತಿಸಿ" ಅಂದರು. ಬಾತ್‌ರೂಮು 5 ಅಡಿಗೆ 8 ಅಡಿ. ಒಂದರ ಸುತ್ತಳತೆ 26, ಎರಡರದ್ದು 52. ಬಾಗಿಲು 7 ಅಡಿಗೇ ಮುಗಿಯುವುದರಿಂದ ಅದರ ಮೇಲೂ ಟೈಲ್ಸ್ ಬರುತ್ತದೆ. ಹಾಗಾಗಿ ಒಂದು ಅಡಿ ಏರಿಸಿದ್ದಕ್ಕೆ ಪೂರ್ತಿ 52 ಚದರ ಅಡಿ ಸೇರಿತು. ಅಡುಗೆಮನೆ ಗೋಡೆ ಬೇಡ, ಹಳೆಯದೇ ಇರಲಿ ಅಂದರು. ಆ ಟೈಲ್ಸ್ ಇನ್ನೂ ತಂದಿರಲಿಲ್ಲ, ಹಾಗಾಗಿ ಆ ಸಾಲು ಸೊನ್ನೆ. ತಂದು ಕತ್ತರಿಸಿ ಆಗಿದ್ದರೆ ಆ ಸಾಮಾನಿನ ಬೆಲೆ ಯಾರದ್ದು ಅಂತ ಆವತ್ತೇ ಮಾತಾಡಿಕೊಳ್ಳಬೇಕಾಗುತ್ತಿತ್ತು.

ಇವೆಲ್ಲ ಕೊಟೇಶನ್‌ನಲ್ಲಿ ಇದ್ದ ಸಾಲುಗಳೇ. ರೇಟು ಇದೆ, ಹೊಸ ಅಳತೆ ಹಾಕಿದರೆ ಮುಗಿಯಿತು. ಹಾಗಂತ ಬಿಲ್ ಬರುವವರೆಗೆ ಸುಮ್ನೆ ಇರಬಾರದು. ಹೆಚ್ಚಾಗುತ್ತದೆ ಅಂತ ಗೊತ್ತಾದ ದಿನವೇ ಎಷ್ಟು ಅಡಿ, ಎಷ್ಟು ರೂಪಾಯಿ ಅಂತ ಹೇಳಿಬಿಡಬೇಕು. ಬಾತ್‌ರೂಮಿನ ಒಂದು ಅಡಿಗೆ ₹6,760, ಮೇಲೆ ತೆರಿಗೆ. ಮೊದಲೇ ಕೇಳಿದ್ದರೆ ಕೆಲವರು 7 ಅಡಿಗೇ ನಿಲ್ಲಿಸಿ ಅನ್ನುತ್ತಿದ್ದರು. ಆ ಆಯ್ಕೆ ಮನೆಯವರಿಗೆ ಸಿಗಬೇಕು.

ಕಷ್ಟದ್ದು ಇನ್ನೊಂದು. ಬಾತ್‌ರೂಮಿನ ಹಳೆಯ ನೆಲ ಒಡೆದಾಗ ಕೆಳಗೆ ಒದ್ದೆ ಇತ್ತು. ಹಳೆಯ ವಾಟರ್‌ಪ್ರೂಫಿಂಗ್ ಕಿತ್ತುಹೋಗಿತ್ತು. ಅದನ್ನು ಸರಿಮಾಡದೆ ಮೇಲೆ ಟೈಲ್ಸ್ ಹಾಕಿದರೆ ನೀರು ಜಿನುಗುವುದು ನಿಲ್ಲುವುದಿಲ್ಲ. ಆದರೆ ಕೊಟೇಶನ್‌ನಲ್ಲಿ ವಾಟರ್‌ಪ್ರೂಫಿಂಗ್ ಅನ್ನುವ ಸಾಲೇ ಇಲ್ಲ. ರೇಟೂ ಇಲ್ಲ. ಇಂಥ ಕೆಲಸವನ್ನು ಮಾಡಿ ಮುಗಿಸಿ ಬಿಲ್ಲಿನಲ್ಲಿ ತೋರಿಸುವುದು ದೊಡ್ಡ ತಪ್ಪು. ಕೆಲಸ ನಿಲ್ಲಿಸಿ, ಫೋಟೋ ತೆಗೆದು, ವಾಟ್ಸಾಪ್‌ನಲ್ಲಿ ಹೀಗೆ ಕಳಿಸಬೇಕು:

"ಸರ್, ಎರಡೂ ಬಾತ್‌ರೂಮ್ ನೆಲ ಒಡೆದಾಗ ಕೆಳಗೆ ಒದ್ದೆ ಇದೆ, ಫೋಟೋ ನೋಡಿ. ಟೈಲ್ಸ್ ಹಾಕುವ ಮೊದಲು ವಾಟರ್‌ಪ್ರೂಫಿಂಗ್ ಬೇಕು. ನೆಲಕ್ಕೂ, ಗೋಡೆಗೆ ಒಂದು ಅಡಿ ಎತ್ತರಕ್ಕೂ ಮಾಡುತ್ತೇವೆ. ಸುಮಾರು 130 ಚದರ ಅಡಿ, ಅಡಿಗೆ ₹60. ಜಿಎಸ್‌ಟಿ ಸೇರಿ ಸುಮಾರು ₹9,204. ಇದು ಕೊಟೇಶನ್‌ನಲ್ಲಿ ಇಲ್ಲದ ಕೆಲಸ. ಕೆಲಸ ಎರಡು ದಿನ ಹೆಚ್ಚಾಗುತ್ತದೆ. ನೀವು ಹೂಂ ಅಂದ ಮೇಲೆ ಶುರು ಮಾಡುತ್ತೇವೆ."

ಏನು, ಯಾಕೆ, ಎಷ್ಟು ಅಳತೆ, ಯಾವ ರೇಟು, ತೆರಿಗೆ ಸೇರಿ ಎಷ್ಟು, ಎಷ್ಟು ದಿನ, ಎಲ್ಲ ಒಂದೇ ಕಡೆ ಇದೆ. ಮನೆಯವರು "ಸರಿ, ಮಾಡಿ" ಅಂತ ಬರೆದರೆ ಅದು ಒಪ್ಪಿಗೆ. ಕಾಗದದ ಮೇಲೆ ಸಹಿ ಇಲ್ಲ, ಮೊಬೈಲ್‌ನಲ್ಲಿ ಬರೆದದ್ದು ಅನ್ನುವ ಒಂದೇ ಕಾರಣಕ್ಕೆ ಅದು ಬಿದ್ದುಹೋಗುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಹೇಳುವುದು ಇದನ್ನೇ. ಒಪ್ಪಿಗೆಯೇ ಇಲ್ಲದೆ ಕೆಲಸ ಮಾಡಿದ್ದರೆ ಪೂರ್ತಿ ದಾರಿ ಮುಚ್ಚಿತು ಅಂತಲೂ ಅಲ್ಲ. 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 70ನೇ ಸೆಕ್ಷನ್ ಪ್ರಕಾರ, ಪುಕ್ಕಟೆ ಮಾಡುವ ಉದ್ದೇಶ ಇಲ್ಲದೆ ಒಬ್ಬರು ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬರು ಪಡೆದರೆ ಅದಕ್ಕೆ ಪರಿಹಾರ ಕೊಡಬೇಕು. ಆದರೆ ಇಷ್ಟು ದುಡ್ಡಿಗೆ ಕೋರ್ಟಿನ ತನಕ ಹೋಗುವವರು ಯಾರು? ಎರಡು ನಿಮಿಷದ ಮೆಸೇಜು ಅದಕ್ಕಿಂತ ಎಷ್ಟೋ ಮೇಲು.

ಇನ್ನು ಅಳತೆ. ಮುಚ್ಚಿಹೋಗುವ ಕೆಲಸವನ್ನು ಮುಚ್ಚುವ ಮೊದಲೇ ಅಳೆಯಬೇಕು. ವಾಟರ್‌ಪ್ರೂಫಿಂಗ್ ಮೇಲೆ ಟೈಲ್ಸ್ ಕೂತ ಮೇಲೆ ಅದು ಎಷ್ಟಾಗಿತ್ತು ಅಂತ ತೋರಿಸಲು ದಾರಿ ಇಲ್ಲ. ಈ ಮನೆಯಲ್ಲಿ ಅಳೆದಾಗ ನೆಲ 80, ಗೋಡೆಗೆ ಹತ್ತಿಸಿದ್ದು ಬಾಗಿಲ ಜಾಗ ಕಳೆದು 47, ಒಟ್ಟು 127 ಚದರ ಅಡಿ ಬಂತು. ಮೆಸೇಜಿನಲ್ಲಿ 130 ಅಂದಿದ್ದರು, ಬಿಲ್ಲಿಗೆ ಹೋಗಬೇಕಾದ್ದು 127. ಉಳಿದ ಅಳತೆಯನ್ನು ಸಾಮಾನು ಒಳಗೆ ಬರುವ ಮೊದಲು, ಮನೆಯವರು ಎದುರಿಗಿದ್ದಾಗ, ರೂಮು ರೂಮಿನಂತೆ ಬರೆದುಕೊಂಡು ಇಬ್ಬರೂ ಸಹಿ ಹಾಕಿದರೆ ಸಾಕು.

ಅಳೆಯುವಾಗ ಒಂದು ಮೋಸ ಗೊತ್ತಿಲ್ಲದೆಯೇ ನಡೆಯುತ್ತದೆ. ಕೆಲವರು ಟೈಲ್ಸ್ ಎಣಿಸಿ, ಒಂದಕ್ಕೆ ನಾಲ್ಕು ಚದರ ಅಡಿಯಂತೆ ಗುಣಿಸುತ್ತಾರೆ. ಅಂಗಡಿಯಲ್ಲಿ "ಎರಡಡಿ ಟೈಲ್ಸ್" ಅಂತ ಕರೆಯುವುದು 600 ಮಿಲಿಮೀಟರ್‌ನದ್ದು. ಅದರ ನಿಜವಾದ ವಿಸ್ತೀರ್ಣ 3.875 ಚದರ ಅಡಿ. ನಾಲ್ಕು ಅಂತ ಹಿಡಿದರೆ ಲೆಕ್ಕ ಶೇಕಡ 3ಕ್ಕಿಂತ ಸ್ವಲ್ಪ ಹೆಚ್ಚು ಉಬ್ಬುತ್ತದೆ. ಈ ಮನೆಯ ನೆಲದ ಮಟ್ಟಿಗೆ ಅದು ಸುಮಾರು 20 ಚದರ ಅಡಿ, ಹತ್ತಿರ ಹತ್ತಿರ ₹3,000. ಮೂಲೆಯಲ್ಲಿ ಕತ್ತರಿಸಿ ಕೂರಿಸಿದ ತುಂಡುಗಳನ್ನೂ ಪೂರ್ತಿ ಟೈಲ್ಸ್ ಅಂತ ಎಣಿಸಿದರೆ ಇನ್ನೂ ಜಾಸ್ತಿ. ಟೇಪಿನಲ್ಲಿ ನೆಲ ಅಳೆಯಬೇಕು, ಟೈಲ್ಸ್ ಎಣಿಸಬಾರದು. ವೇಸ್ಟೇಜ್ ಕೂಡ ಹಾಗೆಯೇ. ಗುತ್ತಿಗೆದಾರರೇ ಟೈಲ್ಸ್ ತರುವ ಕೆಲಸದಲ್ಲಿ ಒಡೆದದ್ದು, ಕತ್ತರಿಸಿದ್ದು ₹140 ರೇಟಿನ ಒಳಗೇ ಸೇರಿರುತ್ತದೆ. 720 ಚದರ ಅಡಿ ತಂದೆ ಅಂತ 720ಕ್ಕೆ ಬಿಲ್ ಮಾಡುವ ಹಾಗಿಲ್ಲ. ಕೂತದ್ದು 648, ಬಿಲ್ 648ಕ್ಕೆ.

ಈಗ ಬಿಲ್ಲಿಗೆ ಬರೋಣ. ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಒಪ್ಪಿದ ಕೊಟೇಶನ್ ಮೇಲೆ `Convert to Invoice` ಎಂಬ ಬಟನ್ ಕಾಣುತ್ತದೆ. ಅದನ್ನು ಒತ್ತಿದರೆ ಕೊಟೇಶನ್‌ನ ಅಳತೆಗಳು ಹಾಗೇ ಬಿಲ್ಲಿಗೆ ಬಂದು ಕೂರುತ್ತವೆ. ಅಡುಗೆಮನೆಯ 40 ಅಡಿಯೂ ಬರುತ್ತದೆ, ವಾಟರ್‌ಪ್ರೂಫಿಂಗ್ ಬರುವುದಿಲ್ಲ. ಹಾಗಾಗಿ ಡ್ರಾಫ್ಟ್ ಆಗಿರುವಾಗಲೇ ಬಿಲ್ಲಿನ ಪ್ರತಿ ಸಾಲನ್ನೂ ಅಳತೆ ಹಾಳೆಯ ಜೊತೆ ಹೋಲಿಸಿ ತಿದ್ದಬೇಕು. ತಿದ್ದುವುದು ಬಿಲ್ಲಿನಲ್ಲಿ ಮಾತ್ರ. ಬಿಲ್ಲಿಗೆ ಹೊಂದಲಿ ಅಂತ ಹಳೆಯ ಕೊಟೇಶನ್ ತೆರೆದು ಅಳತೆ ಬದಲಾಯಿಸುವವರಿದ್ದಾರೆ. ಅದನ್ನು ಯಾವತ್ತೂ ಮಾಡಬಾರದು. ಮನೆಯವರ ಬಳಿ ಇರುವ ಪ್ರತಿಗೂ ನಿಮ್ಮ ಬಳಿ ಇರುವುದಕ್ಕೂ ತಾಳೆಯಾಗದಿದ್ದರೆ, ಸರಿಯಾಗಿ ಮಾಡಿದ ಕೆಲಸವೂ ಅನುಮಾನಕ್ಕೆ ಬೀಳುತ್ತದೆ.

ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ಆದ ಕೆಲಸ, ಆದ ಅಳತೆ ಮಾತ್ರ ಇರಲಿ. "ಅಡುಗೆಮನೆ ಕಡಿತ ಮೈನಸ್ 5,200" ಎಂಬಂಥ ಸಾಲುಗಳು ಅಲ್ಲಿ ಬೇಡ. ವ್ಯತ್ಯಾಸ ತೋರಿಸಲು ಬೇರೆ ಒಂದು ಹಾಳೆ ಮಾಡಿ ಜೊತೆಗೆ ಲಗತ್ತಿಸಿ. ನನ್ನ ಪ್ರಕಾರ ಮನೆಯವರು ನಿಜವಾಗಿ ಓದುವುದು ಆ ಹಾಳೆಯನ್ನೇ.

| ಕೆಲಸ | ಕೊಟೇಶನ್ | ಆದದ್ದು | ವ್ಯತ್ಯಾಸ (₹) |
|---|---|---|---|
| ನೆಲದ ಟೈಲ್ಸ್, ₹140 | 620 | 648 | +3,920 |
| ಸ್ಕರ್ಟಿಂಗ್, ₹45 | 160 | 148 | −540 |
| ಬಾತ್‌ರೂಮ್ ಗೋಡೆ, ₹130 | 329 | 381 | +6,760 |
| ಒಡೆದು ಸಾಗಿಸುವುದು | ಲಂಪ್‌ಸಮ್ | ಲಂಪ್‌ಸಮ್ | 0 |
| ಅಡುಗೆಮನೆ ಗೋಡೆ, ₹130 | 40 | 0 | −5,200 |
| ವಾಟರ್‌ಪ್ರೂಫಿಂಗ್, ₹60 (ಹೊಸದು) | – | 127 | +7,620 |
| ಒಟ್ಟು | ₹1,59,970 | ₹1,72,530 | +12,560 |

ಪ್ರತಿ ಸಾಲಿನ ಕೆಳಗೆ ಕಾರಣ ಬರೆಯಿರಿ: ವಾರ್ಡ್‌ರೋಬ್ ತೆಗೆದದ್ದು, ಬಾಗಿಲು ಕಳೆದದ್ದು, ಒಂದು ಅಡಿ ಏರಿಸಿದ್ದು, ಯಾವ ತಾರೀಖಿನ ಮೆಸೇಜು. ಕಡಿಮೆಯಾದ ಸಾಲುಗಳನ್ನು ಮರೆಯದೆ ತೋರಿಸಿ. ಸ್ಕರ್ಟಿಂಗ್‌ನ ₹540 ಸಣ್ಣ ಮೊತ್ತವೇ. ಆದರೆ ಕಡಿಮೆಯಾದದ್ದನ್ನು ತಾವಾಗಿಯೇ ಕಡಿಮೆ ಮಾಡಿದ್ದಾರೆ ಅಂತ ಕಂಡಾಗ, ಹೆಚ್ಚಾದ ಸಾಲುಗಳನ್ನೂ ಮನೆಯವರು ನಂಬುತ್ತಾರೆ.

₹1,72,530ಕ್ಕೆ 18% ತೆರಿಗೆ ₹31,055.40. ಕೆಲಸ ಕರ್ನಾಟಕದೊಳಗೇ ಆದ್ದರಿಂದ ಅದು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಸಮಪಾಲಾಗುತ್ತದೆ. ಒಟ್ಟು ₹2,03,585. ಅಡ್ವಾನ್ಸ್ ₹59,000 ಕಳೆದರೆ ಬಾಕಿ ₹1,44,585.

ಅಡ್ವಾನ್ಸ್ ಎಲ್ಲಿ ಕಳೆಯಬೇಕು ಅನ್ನುವುದರಲ್ಲೇ ಬಹಳ ಬಿಲ್ಲುಗಳು ಕೆಡುತ್ತವೆ. ಸೇವೆಗೆ ಅಡ್ವಾನ್ಸ್ ಪಡೆದಾಗಲೇ ಜಿಎಸ್‌ಟಿ ಕಟ್ಟಬೇಕು, ಮನೆಯವರಿಗೆ ರಿಸೀಟ್ ವೋಚರ್ ಕೊಡಬೇಕು. ಹಾಗಾಗಿ ಈ ₹59,000ದಲ್ಲಿ ₹50,000 ಕೆಲಸದ ದುಡ್ಡು, ₹9,000 ತೆರಿಗೆ. ಫೈನಲ್ ಬಿಲ್ಲಿನಲ್ಲಿ ಮಾತ್ರ ಪೂರ್ತಿ ಕೆಲಸ, ಪೂರ್ತಿ ತೆರಿಗೆ ತೋರಿಸಿ, ಕಟ್ಟಕಡೆಯ ಮೊತ್ತದಿಂದ ₹59,000 ಕಳೆಯಬೇಕು. ಕಟ್ಟಿಯಾಗಿರುವ ₹9,000ವನ್ನು ಗುತ್ತಿಗೆದಾರರು ತಮ್ಮ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳುತ್ತಾರೆ. ಆ ತಿಂಗಳು ಈ ಬಿಲ್ಲಿಗೆ ಕಟ್ಟಬೇಕಾದ್ದು ₹22,055.40 ಮಾತ್ರ. ಇದರ ಬದಲು ತೆರಿಗೆ ಹಾಕುವ ಮೊದಲೇ ₹1,72,530ರಿಂದ ₹59,000 ಕಳೆದು, ಉಳಿದದ್ದಕ್ಕೆ 18% ಹಾಕಿದರೆ ಬಾಕಿ ₹1,33,965 ಅಂತ ಬರುತ್ತದೆ. ₹10,620 ಕಾಣೆಯಾಯಿತು. ಅದು ₹59,000ದ ಶೇಕಡ 18. ತೆರಿಗೆ ಸೇರಿದ ಮೊತ್ತವನ್ನು ತೆರಿಗೆ ಸೇರದ ಮೊತ್ತದಿಂದ ಕಳೆದದ್ದರ ಫಲ. ನಿಮ್ಮ ಬಿಲ್ಲಿನಲ್ಲಿ ಬಾಕಿ ಹೀಗೆ ತಾಳೆಯಾಗದಿದ್ದರೆ, ವ್ಯತ್ಯಾಸ ಅಡ್ವಾನ್ಸಿನ ಶೇಕಡ 18 ಇದೆಯಾ ಅಂತ ಮೊದಲು ನೋಡಿ.

ಈ ತೆರಿಗೆ ಲೆಕ್ಕ ನೋಂದಣಿ ಇರುವವರಿಗೆ ಮಾತ್ರ. ನೋಂದಣಿ ಇಲ್ಲದವರು, ಕಾಂಪೊಸಿಷನ್ ಸ್ಕೀಮ್‌ನಲ್ಲಿರುವವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿ ವಸೂಲಿ ಮಾಡುವಂತಿಲ್ಲ. ಅಳತೆ, ಒಪ್ಪಿಗೆ, ವ್ಯತ್ಯಾಸದ ಹಾಳೆ ಇವು ಅವರಿಗೂ ಅಷ್ಟೇ ಅನ್ವಯ.

ಬಿಲ್ ನೋಡಿದ ಮೇಲೆ ಬರುವ ಮಾತು ಗೊತ್ತೇ ಇದೆ: "ಎರಡು ಲಕ್ಷಕ್ಕೆ ರೌಂಡ್ ಮಾಡಿ." ಗುತ್ತಿಗೆದಾರರು ಒಪ್ಪಿದರೆ, ಬಿಲ್ ಇನ್ನೂ ಡ್ರಾಫ್ಟ್ ಆಗಿದ್ದಾಗಲೇ ಡಿಸ್ಕೌಂಟ್ ಅಂತ ಒಂದು ಸಾಲು ಹಾಕಬೇಕು. ಬಿಲ್ಲಿನಲ್ಲೇ ತೋರಿಸಿದ ಡಿಸ್ಕೌಂಟ್‌ಗೆ ತೆರಿಗೆ ಬೀಳುವುದಿಲ್ಲ. ಲೆಕ್ಕ ಹಿಂದಿನಿಂದ ಹಾಕಬೇಕು: 2,00,000ವನ್ನು 1.18ರಿಂದ ಭಾಗಿಸಿದರೆ ₹1,69,491.53. ಅಂದರೆ ಡಿಸ್ಕೌಂಟ್ ₹3,038.47, ತೆರಿಗೆ ₹30,508.47. ಬಿಲ್ ಕೊಟ್ಟಾದ ಮೇಲೆ ₹3,585 ಕಡಿಮೆ ಇಸಿದುಕೊಂಡು ಸುಮ್ಮನಾದರೆ ತೆರಿಗೆ ಕಡಿಮೆಯಾಗುವುದಿಲ್ಲ. ಬಾರದ ದುಡ್ಡಿಗೂ ತೆರಿಗೆ ಕಟ್ಟಿದ ಹಾಗಾಗುತ್ತದೆ. ಅದಕ್ಕೇ ಬಿಲ್ಲನ್ನು ಅಂತಿಮ ಮಾಡುವ ಮೊದಲು ಡ್ರಾಫ್ಟನ್ನೂ ವ್ಯತ್ಯಾಸದ ಹಾಳೆಯನ್ನೂ ಮನೆಯವರಿಗೆ ತೋರಿಸುವುದು ಒಳ್ಳೆಯದು. ಆದರೆ ಮಾತುಕತೆ ಎಳೆದುಕೊಂಡು ಹೋಗಬಾರದು. ಸಾಮಾನ್ಯವಾಗಿ ಕೆಲಸ ಮುಗಿದ 30 ದಿನದೊಳಗೆ ಇನ್‌ವಾಯ್ಸ್ ಕೊಡಬೇಕು.

ಇಷ್ಟೆಲ್ಲ ಆದಮೇಲೂ ತಪ್ಪು ಸಿಗಬಹುದು. ಒಂದು ರೂಮಿನ ಗೋಡೆಯ 6 ಅಡಿ ಸ್ಕರ್ಟಿಂಗ್ ಎರಡು ಸಲ ಬರೆದಿದ್ದಾರೆ ಅಂತ ಮನೆಯವರು ತೋರಿಸಿದರು ಅನ್ನಿ. ಕೊಟ್ಟ ಇನ್‌ವಾಯ್ಸ್ ಅಳಿಸಿ, ಅದೇ ನಂಬರಿನಲ್ಲಿ ಇನ್ನೊಂದು ಮಾಡಬಾರದು. 6 ಅಡಿಗೆ ₹270, ತೆರಿಗೆ ₹48.60, ಒಟ್ಟು ₹318.60ಕ್ಕೆ ಮೂಲ ಇನ್‌ವಾಯ್ಸ್‌ನ ನಂಬರ್, ತಾರೀಖು ಬರೆದು ಕ್ರೆಡಿಟ್ ನೋಟ್ ಕೊಡಬೇಕು. ಕಡಿಮೆ ಹಾಕಿದ್ದು ಗೊತ್ತಾದರೆ ಹೀಗೆಯೇ ಡೆಬಿಟ್ ನೋಟ್. ಕ್ರೆಡಿಟ್ ನೋಟ್‌ಗೆ ಗಡುವೂ ಇದೆ. ಬಿಲ್ಲಿನ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಅಥವಾ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದರೊಳಗೆ ಅದನ್ನು ರಿಟರ್ನ್‌ನಲ್ಲಿ ತೋರಿಸಬೇಕು. ಅದು ದಾಟಿದರೆ ₹270 ವಾಪಸ್ ಕೊಡಲು ಅಡ್ಡಿಯಿಲ್ಲ, ₹48.60 ತೆರಿಗೆ ಮಾತ್ರ ಗುತ್ತಿಗೆದಾರರ ಲೆಕ್ಕದಲ್ಲಿ ಕಡಿಮೆಯಾಗುವುದಿಲ್ಲ.